ಕೈಗೇ ಬಾರದ ಬಡ್ಡಿ 26ಎಎಸ್‌ನಲ್ಲಿ ಕೂತಿದ್ರೆ ರಿಟರ್ನ್‌ನಲ್ಲಿ ಎಂತ ತೋರಿಸೋದು?

ಓದುಗರ ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ತಾಲೂಕಿನವನು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, 64 ವರ್ಷ. ಪೆನ್ಶನ್ ವರ್ಷಕ್ಕೆ 5.40 ಲಕ್ಷ, ಅಡಕೆ ತೋಟದಲ್ಲಿ ಖರ್ಚು ಕಳೆದು 1.80 ಲಕ್ಷ ಉಳೀತು, ಎಸ್‌ಬಿ ಖಾತೆ ಬಡ್ಡಿ 6,200. 2024ರ ಏಪ್ರಿಲ್‌ನಲ್ಲಿ ಒಂದು ಬ್ಯಾಂಕಲ್ಲಿ 10 ಲಕ್ಷ ಮೂರು ವರ್ಷಕ್ಕೆ ಎಫ್‌ಡಿ ಇಟ್ಟೆ, ಬಡ್ಡಿ ಎಲ್ಲಾ ಕೊನೆಗೆ ಒಟ್ಟಿಗೆ. ಪಾಸ್‌ಬುಕ್ಕಿಗೆ ಒಂದು ರೂಪಾಯಿ ಬಂದಿಲ್ಲ, ಆದ್ರೆ ನನ್ನ ಪ್ಯಾನ್ ಮೇಲೆ ಹಿಡಿದ ತೆರಿಗೆ ತೋರಿಸೋ 26ಎಎಸ್‌ನಲ್ಲಿ 74,300 ಬಡ್ಡಿ, 7,430 ಟಿಡಿಎಸ್ ಅಂತ ಇದೆ. ಏಪ್ರಿಲ್‌ನಲ್ಲಿ ತೆಗೆದಾಗ 55,200 ಮಾತ್ರ ಇತ್ತು. ಇನ್ನೊಂದು ಬ್ಯಾಂಕಿಂದ 62,400 ಬಡ್ಡಿ, 6,240 ಟಿಡಿಎಸ್ ತೋರಿಸ್ತಿದೆ, ಅದು ಅಮ್ಮನ ದುಡ್ಡು, ಜಾಯಿಂಟ್ ಎಫ್‌ಡಿ, ಮೊದಲ ಹೆಸರು ನಂದು, ಬಡ್ಡಿ ಹೋಗೋದು ಅಮ್ಮನ ಖಾತೆಗೆ. ಅಮ್ಮನಿಗೂ ಪ್ಯಾನ್ ಇದೆ. ನಮ್ಮೂರ ಸಹಕಾರ ಸಂಘದ ಠೇವಣಿಗೆ 28,000 ಬಡ್ಡಿ ಬಂತು, ಅದು 26ಎಎಸ್‌ನಲ್ಲಿ ಇಲ್ವೇ ಇಲ್ಲ. ಪರಿಚಯದವರು "ಟಿಡಿಎಸ್ ಹಿಡಿದಾಗಿದೆ, ಅಲ್ಲಿಗೆ ತೆರಿಗೆ ಮುಗೀತು, ಹಿಡಿದದ್ದನ್ನ ವಾಪಸ್ ಕೇಳಿ ಸಾಕು" ಅಂತಾರೆ. ಎಂತ ಮಾಡ್ಲಿ?

ಉತ್ತರ: ಮೇಷ್ಟ್ರೇ, ಪರಿಚಯದವರ ಮಾತನ್ನ ಮೊದಲು ಬದಿಗಿಡಿ. ಶಿವಮೊಗ್ಗದಲ್ಲಿ ನಮ್ಮ ಆಫೀಸಿಗೆ ಜುಲೈ ತಿಂಗಳಲ್ಲಿ ಬರೋ ಹತ್ತು ಜನ ಪೆನ್ಶನ್‌ದಾರರಲ್ಲಿ ನಾಲ್ಕೈದು ಜನ ಇದೇ ಮಾತು ಹೇಳ್ತಾರೆ. ಅದರಲ್ಲಿ ಎರಡು ತಪ್ಪು ಒಟ್ಟಿಗೇ ಸೇರ್ಕೊಂಡಿದೆ. ಟಿಡಿಎಸ್ ಅಂದ್ರೆ ನಿಮ್ಮ ಲೆಕ್ಕದಲ್ಲಿ ಮುಂಗಡವಾಗಿ ಕಟ್ಟಿದ ದುಡ್ಡು ಅಷ್ಟೆ, ಅಂತಿಮ ತೆರಿಗೆ ಅಲ್ಲ. ಬ್ಯಾಂಕಿನವರಿಗೆ ನಿಮ್ಮ ಪೆನ್ಶನ್ ಎಷ್ಟು, ತೋಟ ಎಷ್ಟು ಗೊತ್ತಿಲ್ಲ, ಅವರು ಕಣ್ಣು ಮುಚ್ಚಿ 10 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ತಾರೆ, ನಿಜವಾದ ತೆರಿಗೆ ಎಷ್ಟು ಅನ್ನೋದು ರಿಟರ್ನ್‌ನಲ್ಲಿ ತೀರ್ಮಾನ ಆಗೋದು. ಎರಡನೇ ತಪ್ಪು ಇದಕ್ಕಿಂತ ದೊಡ್ಡದು, ಆದಾಯ ತೋರಿಸದೆ ಅದರ ಟಿಡಿಎಸ್ ಮಾತ್ರ ವಾಪಸ್ ಕೇಳೋದು. ಆದಾಯ ತೆರಿಗೆ ನಿಯಮ 37ಬಿಎ ಪ್ರಕಾರ ಯಾವ ವರ್ಷ ಆ ಆದಾಯ ತೆರಿಗೆಗೆ ಒಳಪಡುತ್ತೋ ಆ ವರ್ಷವೇ ಅದರ ಟಿಡಿಎಸ್ ಕ್ರೆಡಿಟ್. ಬಡ್ಡಿಯನ್ನ 2027ಕ್ಕೆ ತೋರಿಸ್ತೀನಿ ಟಿಡಿಎಸ್ ಈಗಲೇ ಕೊಡಿ ಅಂದ್ರೆ ಬೆಂಗಳೂರಲ್ಲಿ ರಿಟರ್ನ್ ಪರಿಶೀಲಿಸೋ ಸಿಪಿಸಿ ಕೇಂದ್ರದ ಕಂಪ್ಯೂಟರ್ ಸುಮ್ನೆ ಕೂರಲ್ಲ, ಕ್ರೆಡಿಟ್ ಕಡಿಮೆ ಮಾಡಿ ಇಂಟಿಮೇಶನ್ ಕಳಿಸುತ್ತೆ, ಇಲ್ಲಾಂದ್ರೆ ರಿಟರ್ನ್ ದೋಷಪೂರಿತ ಅಂತ 139(9) ನೋಟಿಸ್ ಬರುತ್ತೆ, ಅದಕ್ಕೆ ಉತ್ತರ ಕೊಡೋಕೆ ಸಿಗೋದು 15 ದಿನ.

26ಎಎಸ್ ಓದೋದು ಹೇಗೆ ಅಂತ ಹೇಳ್ಬಿಡ್ತೀನಿ, ಅರ್ಧ ಗೊಂದಲ ಅಲ್ಲೇ ಹೋಗುತ್ತೆ. ಪೋರ್ಟಲ್‌ನಲ್ಲಿ e-File > Income Tax Returns > View Form 26AS ಅಂತ ಹೋದ್ರೆ ಟ್ರೇಸಸ್ ಸೈಟಿಗೆ ಕರ್ಕೊಂಡು ಹೋಗುತ್ತೆ. ಅಲ್ಲಿ ಅಸೆಸ್‌ಮೆಂಟ್ ಇಯರ್ 2025-26 ಆರಿಸ್ಬೇಕು, ಯಾಕಂದ್ರೆ 2024-25ರ ಆದಾಯಕ್ಕೆ ಅದೇ ವರ್ಷ, ಇದನ್ನ ಒಂದು ವರ್ಷ ಹಿಂದೆ ಮುಂದೆ ಮಾಡ್ಕೊಂಡು ಬೇರೇ ಅಂಕಿ ಹಿಡ್ಕೊಂಡು ಬರೋರು ಬೇಕಾದಷ್ಟು ಜನ. ಪಾರ್ಟ್ 1ರಲ್ಲಿ ಬ್ಯಾಂಕಿನ ಹೆಸರು, ಅವರ ಟ್ಯಾನ್ ನಂಬರ್, ಕೆಳಗೆ ಒಂದೊಂದು ಸಾಲು ಇರುತ್ತೆ. ಪ್ರತಿ ಸಾಲಲ್ಲಿ 194A ಅಂತ ಸೆಕ್ಷನ್, ಅಂದ್ರೆ ಬಡ್ಡಿ. ಆಮೇಲೆ ಎರಡು ದಿನಾಂಕ, ಒಂದು ಬಡ್ಡಿ ಲೆಕ್ಕ ಹಾಕಿದ ದಿನ, ಇನ್ನೊಂದು ಆ ಸಾಲು ನಿಮ್ಮ ಲೆಕ್ಕಕ್ಕೆ ಬಂದು ಕೂತ ದಿನ. ಆಮೇಲೆ ಮೂರು ಅಂಕಿ: ಕೊಟ್ಟ ಅಥವಾ ಜಮಾ ಮಾಡಿದ ಮೊತ್ತ, ಹಿಡಿದ ತೆರಿಗೆ, ಸರ್ಕಾರಕ್ಕೆ ಕಟ್ಟಿದ ತೆರಿಗೆ. ರಿಟರ್ನ್‌ಗೆ ಆದಾಯ ಅಂತ ಹೋಗ್ಬೇಕಾದ್ದು ಮೊದಲನೇ ಅಂಕಿ, ತೆರಿಗೆ ಕಳೆಯೋಕೆ ಮುಂಚಿನ ಪೂರ್ತಿ ಬಡ್ಡಿ. ಅಡಕೆ ಮಂಡಿ ಚೀಟಿಯಲ್ಲಿ ಮೇಲೆ ಪೂರ್ತಿ ಕ್ರಯ ಬರೆದು ಕೆಳಗೆ ಹಮಾಲಿ ಗಿಮಾಲಿ ಕಳೆದು ಕೈಗೆ ಇಷ್ಟು ಅಂತ ಬರೀತಾರಲ್ಲ, ಇಲ್ಲೂ ಹಾಗೇ, ನಿಮ್ಮ ಆದಾಯ ಮೇಲಿನ ಸಾಲಿನದ್ದು.

ಏಪ್ರಿಲ್‌ನಲ್ಲಿ ಕಡಿಮೆ ಇದ್ದು ಈಗ ಜಾಸ್ತಿ ಆಗಿದ್ದು ಬ್ಯಾಂಕಿನ ತಪ್ಪಲ್ಲ. ಟಿಡಿಎಸ್ ಹಿಡಿಯೋರು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಲೆಕ್ಕ ಕೊಡ್ತಾರೆ, ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕ ಕೊಡೋಕೆ ಅವರಿಗೆ ಮೇ 31ರ ತನಕ ಟೈಮ್ ಇದೆ. ನೀವು ಏಪ್ರಿಲ್‌ನಲ್ಲಿ ನೋಡಿದ 55,200 ಡಿಸೆಂಬರ್‌ವರೆಗಿನ ಮೂರು ಸಾಲು, ಸುಮಾರು 18,000, 18,400, 18,800. ಕೊನೇ ತ್ರೈಮಾಸಿಕದ 19,100 ಜೂನ್‌ನಲ್ಲಿ ಬಂದು ಸೇರ್ಕೊಂಡು 74,300 ಆಯ್ತು. ಅದಕ್ಕೇ ನಾನು ಜೂನ್ 15ಕ್ಕಿಂತ ಮುಂಚೆ ಯಾರ ರಿಟರ್ನೂ ಮುಟ್ಟಲ್ಲ, ಏಪ್ರಿಲ್‌ನಲ್ಲೇ ಫೈಲ್ ಮಾಡಿ ಬೇಗ ರೀಫಂಡ್ ತಗೋಬೇಕು ಅಂತ ಹೊರಟೋರು ಕೊನೇ ಮೂರು ತಿಂಗಳ ಬಡ್ಡಿನೂ ಬಿಟ್ಟಿರ್ತಾರೆ, ಅದರ ಟಿಡಿಎಸ್ಸನ್ನೂ ಬಿಟ್ಟಿರ್ತಾರೆ, ಆಮೇಲೆ ರಿವೈಸ್ಡ್ ರಿಟರ್ನ್ ಹಾಕೋಕೆ ಮತ್ತೆ ಬರ್ತಾರೆ.

ಸಾಲಿನಲ್ಲಿ ಒಂದು ಅಕ್ಷರದ ಸ್ಟೇಟಸ್ ಇರುತ್ತೆ, ಅದನ್ನೂ ನೋಡಿ. F ಅಂತಿದ್ರೆ ಹಿಡಿದದ್ದು, ಕಟ್ಟಿದ್ದು ಎರಡೂ ತಾಳೆ ಆಗಿದೆ, ನಿಶ್ಚಿಂತೆ. U ಅಂತಿದ್ರೆ ಬ್ಯಾಂಕು ಕೊಟ್ಟ ಲೆಕ್ಕಕ್ಕೂ ಕಟ್ಟಿದ ಚಲನ್ನಿಗೂ ತಾಳೆ ಬಂದಿಲ್ಲ, ಬ್ರಾಂಚಿಗೆ ಬರವಣಿಗೆಯಲ್ಲಿ ಕೇಳಿ ಸರಿ ಮಾಡಿಸ್ಬೇಕು. ದೊಡ್ಡ ಬ್ಯಾಂಕುಗಳಲ್ಲಿ U ಬರೋದು ಅಪರೂಪ, ಸಣ್ಣ ಕಂಪನಿಗಳು, ಕಂಟ್ರಾಕ್ಟರ್‌ಗಳು ಹಿಡಿದ ಟಿಡಿಎಸ್‌ನಲ್ಲಿ ಜಾಸ್ತಿ ನೋಡ್ತೀವಿ.

ಈಗ ನಿಮ್ಮ 10 ಲಕ್ಷದ ಎಫ್‌ಡಿಗೆ ಬರೋಣ. ಕೈಗೆ ಬಂದಿಲ್ಲ ಅಂತೀರಿ, ನಿಜ, ಆದ್ರೆ ಬ್ಯಾಂಕು ಪ್ರತಿ ಮೂರು ತಿಂಗಳಿಗೆ ಆ ಬಡ್ಡಿಯನ್ನ ನಿಮ್ಮ ಎಫ್‌ಡಿ ಖಾತೆಗೇ ಜಮಾ ಮಾಡಿ, ಅದರ ಮೇಲೆ ಮತ್ತೆ ಬಡ್ಡಿ ಹಾಕ್ತಾ ಹೋಗುತ್ತೆ. ಜಮಾ ಮಾಡಿದಾಗಲೂ ಟಿಡಿಎಸ್ ಹಿಡೀಬೇಕು ಅಂತ ಕಾನೂನು. ಹಾಗಾಗಿ 26ಎಎಸ್ ತಪ್ಪಿಲ್ಲ, ಪಾಸ್‌ಬುಕ್ಕೂ ತಪ್ಪಿಲ್ಲ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿವೆ. ಬ್ಯಾಂಕಿಂದ ವರ್ಷದ ಬಡ್ಡಿ ಸರ್ಟಿಫಿಕೇಟ್ ತಗೊಳ್ಳಿ, ಅದರಲ್ಲಿ ಎಫ್‌ಡಿ ಒಂದೊಂದರ ಬಡ್ಡಿ ಬೇರೆ ಬೇರೆ ಇರುತ್ತೆ, ಒಟ್ಟು ಮೊತ್ತ 26ಎಎಸ್ ಜೊತೆ ಕೂಡ್ಬೇಕು.

ಇದನ್ನ ತೋರಿಸೋಕೆ ಕಾನೂನಿನಲ್ಲಿ ಎರಡು ದಾರಿ ಇದೆ, ಸೆಕ್ಷನ್ 145 ಎರಡನ್ನೂ ಒಪ್ಪುತ್ತೆ. ಒಂದು, ವರ್ಷ ವರ್ಷ ಹುಟ್ಟಿದ ಬಡ್ಡಿಯನ್ನ ಆಯಾ ವರ್ಷವೇ ತೋರಿಸೋದು. ಇನ್ನೊಂದು, ಕೈಗೆ ಬಂದ ವರ್ಷ ಪೂರ್ತಿ ಒಟ್ಟಿಗೆ ತೋರಿಸೋದು. ಎರಡನೇದು ತಪ್ಪು ಅಂತ ಕೆಲವರು ಹೆದರಿಸ್ತಾರೆ, ತಪ್ಪಲ್ಲ, ಆದ್ರೆ ಅದಕ್ಕೊಂದು ಶಿಸ್ತು ಬೇಕು. ಯಾವ ಪದ್ಧತಿ ಹಿಡೀತೀರೋ ಅದನ್ನೇ ಪ್ರತಿ ವರ್ಷ ಪಾಲಿಸ್ಬೇಕು, ಈ ಎಫ್‌ಡಿಗೆ ಹೀಗೆ ಆ ಎಫ್‌ಡಿಗೆ ಹಾಗೆ ಅಂತ ಅನುಕೂಲ ನೋಡ್ಕೊಂಡು ಬದಲಾಯಿಸೋ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ಎರಡನ್ನೂ ಲೆಕ್ಕ ಹಾಕಿ ನೋಡೋಣ. ವರ್ಷ ವರ್ಷ ತೋರಿಸಿದ್ರೆ 2024-25ರ ಹೊಸ ತೆರಿಗೆ ಪದ್ಧತಿಯಲ್ಲಿ ಪೆನ್ಶನ್ 5,40,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 4,65,000. ಅದಕ್ಕೆ ಎಫ್‌ಡಿ ಬಡ್ಡಿ 74,300, ಸಂಘದ ಬಡ್ಡಿ 28,000, ಎಸ್‌ಬಿ ಬಡ್ಡಿ 6,200 ಸೇರಿಸಿದ್ರೆ 5,73,500. ಅಡಕೆ ಆದಾಯಕ್ಕೆ ನೇರ ತೆರಿಗೆ ಇಲ್ಲ, ಆದ್ರೆ ದರ ಲೆಕ್ಕ ಹಾಕೋವಾಗ ಅದನ್ನ ಸೇರಿಸ್ಕೊಳ್ತಾರೆ. 5,73,500ಕ್ಕೆ 1,80,000 ಸೇರಿಸಿ 7,53,500ಕ್ಕೆ ಬರೋ ತೆರಿಗೆ 25,350, ಅದರಲ್ಲಿ 3 ಲಕ್ಷ ಮತ್ತು ತೋಟದ 1,80,000 ಸೇರಿ 4,80,000ಕ್ಕೆ ಬರೋ 9,000 ಕಳೀಬೇಕು, ಉಳಿಯೋದು 16,350. ಇಲ್ಲಿಗೆ ಗಾಬರಿ ಆಗ್ಬೇಡಿ. ನಿಮ್ಮ ತೆರಿಗೆಗೆ ಒಳಪಡೋ ಆದಾಯ 7 ಲಕ್ಷದ ಒಳಗಿದೆ, 87ಎ ರಿಬೇಟ್ ಅಂತ ತೆರಿಗೆಯಲ್ಲೇ 25,000ದವರೆಗೆ ಮಾಫಿ ಸಿಗುತ್ತೆ, ಹಾಗಾಗಿ ತೆರಿಗೆ ಸೊನ್ನೆ. ಹಿಡಿದ 7,430 ಪೂರ್ತಿ ರೀಫಂಡ್. ಬಡ್ಡಿ ತೋರಿಸಿದ್ರೆ ತೆರಿಗೆ ಬೀಳುತ್ತೆ ಅಂತ ಹೆದರಿ ಮುಚ್ಚಿಡೋಕೆ ಹೋದೋರಿಗೆ ನಾನು ಮೊದಲು ಹೇಳೋದೇ ಇದು, ಲೆಕ್ಕ ಹಾಕಿ ನೋಡಿ, ಎಷ್ಟೋ ಸಲ ತೋರಿಸಿದ್ರೂ ತೆರಿಗೆ ಇಲ್ಲ, ತೋರಿಸದೆ ಇದ್ರೆ ಮಾತ್ರ ತಾಪತ್ರಯ.

ಕೊನೆಗೆ ತೋರಿಸೋ ದಾರಿ ಹಿಡಿದ್ರೆ ಹೀಗಾಗುತ್ತೆ. ಎಫ್‌ಡಿ ಮುಗಿಯೋದು 2027ರ ಏಪ್ರಿಲ್‌ನಲ್ಲಿ, ಅಂದ್ರೆ 2027-28ರ ಲೆಕ್ಕ. ಮೂರು ವರ್ಷದ ಬಡ್ಡಿ ಸುಮಾರು 2.4 ಲಕ್ಷ ಒಟ್ಟಿಗೆ ಬರುತ್ತೆ. ರಿಬೇಟ್ ಮಿತಿ 2025-26ರಿಂದ 12 ಲಕ್ಷಕ್ಕೆ ಏರಿದೆ, ಅದು ಹಾಗೇ ಮುಂದುವರಿದ್ರೆ ನಿಮಗೆ ಆಗಲೂ ತೆರಿಗೆ ಬೀಳಲ್ಲ, ಹಾಗಾಗಿ ತೆರಿಗೆ ದೃಷ್ಟಿಯಿಂದ ಎರಡೂ ಒಂದೇ. ವ್ಯತ್ಯಾಸ ಇರೋದು ಆ 7,430ರಲ್ಲಿ. ಬಡ್ಡಿ ತೋರಿಸೋದು 2027-28ಕ್ಕೆ ಅಂದ್ಮೇಲೆ ಟಿಡಿಎಸ್ ಕೂಡ ಅಲ್ಲಿಯವರೆಗೆ ಕಾಯ್ಬೇಕು, ರೀಫಂಡ್ ಕೈಗೆ ಬರೋವಾಗ 2028 ಆಗಿರುತ್ತೆ. ಅಷ್ಟೇ ಅಲ್ಲ, ಪ್ರತಿ ವರ್ಷ ರಿಟರ್ನ್‌ನ ಟಿಡಿಎಸ್ ಶೆಡ್ಯೂಲ್‌ನಲ್ಲಿ ಮುಂದಿನ ವರ್ಷಕ್ಕೆ ಒಯ್ದದ್ದು ಅನ್ನೋ ಕಾಲಂನಲ್ಲಿ ಆ 7,430ನ್ನ ಬರೀತಾ ಹೋಗ್ಬೇಕು, ಒಂದು ವರ್ಷ ಮರೆತ್ರೆ ಕೊಂಡಿ ಕಳಚುತ್ತೆ, ಆಮೇಲೆ ಆ ದುಡ್ಡು ವಾಪಸ್ ತಗೊಳ್ಳೋಕೆ ಅರ್ಜಿ ಗುಜರಾಯಿಸ್ಕೊಂಡು ಓಡಾಡ್ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ ವರ್ಷ ವರ್ಷ ತೋರಿಸಿ. ಒಂದು ನೋಟ್‌ಬುಕ್ಕಲ್ಲಿ ಎಫ್‌ಡಿ ನಂಬರ್ ಬರೆದು ಯಾವ ವರ್ಷ ಎಷ್ಟು ತೋರಿಸಿದ್ದೀರಿ ಅಂತ ಗುರುತು ಹಾಕ್ಕೊಳ್ಳಿ, ಇಲ್ಲಾಂದ್ರೆ 2027ರಲ್ಲಿ 12 ಲಕ್ಷ ಚಿಲ್ಲರೆ ಕೈಗೆ ಬಂದಾಗ ಇದು ಯಾವ ಆದಾಯ ಅಂತ ಗಾಬರಿ ಆಗಿ ಮತ್ತೊಂದು ಸಲ ಪೂರ್ತಿ ತೋರಿಸೋ ಸಂಭವ ಇದೆ, ಹಾಗೆ ಮಾಡಿದೋರು ಇದ್ದಾರೆ.

ಇಲ್ಲೊಂದು ವಿಷಯ ಈಗಲೇ ತಲೇಲಿ ಇಟ್ಕೊಳ್ಳಿ. ಹಿರಿಯ ನಾಗರಿಕರಿಗೆ ಬ್ಯಾಂಕ್ ಬಡ್ಡಿ ವರ್ಷಕ್ಕೆ 50,000 ದಾಟಿದ್ರೆ ಟಿಡಿಎಸ್ ಅಂತ ಇತ್ತು, 2025ರ ಏಪ್ರಿಲ್‌ನಿಂದ ಆ ಮಿತಿ 1 ಲಕ್ಷ ಆಗಿದೆ. ನಿಮ್ಮ ಈ ಎಫ್‌ಡಿಗೆ ಎರಡನೇ ವರ್ಷದ ಬಡ್ಡಿ ಸುಮಾರು 79,800 ಬರುತ್ತೆ, ಮಿತಿಯ ಒಳಗೆ. ಆ ಬ್ಯಾಂಕಲ್ಲಿ ಬೇರೆ ಎಫ್‌ಡಿ ಇಲ್ಲ ಅಂದ್ರೆ ಟಿಡಿಎಸ್ ಹಿಡಿಯಲ್ಲ, 26ಎಎಸ್‌ನಲ್ಲಿ ಆ ಬ್ಯಾಂಕಿನ ಸಾಲೇ ಇರಲ್ಲ. ಮುಂದಿನ ವರ್ಷ ಖಾಲಿ 26ಎಎಸ್ ನೋಡಿ "ಈ ಸಲ ಬಡ್ಡಿ ಇಲ್ಲ" ಅಂತ ಬಿಟ್ಬಿಟ್ರೆ 79,800 ಆದಾಯ ಮುಚ್ಚಿಟ್ಟ ಹಾಗಾಗುತ್ತೆ. ಎಐಎಸ್ ಅಂತ ಇನ್ನೊಂದು ಸ್ಟೇಟ್‌ಮೆಂಟ್ 2021ರ ನವೆಂಬರ್‌ನಿಂದ ಬಂದಿದೆಯಲ್ಲ, ಅದರಲ್ಲಿ ಬ್ಯಾಂಕುಗಳು ಟಿಡಿಎಸ್ ಹಿಡಿಯದ ಬಡ್ಡಿಯನ್ನೂ ತಿಳಿಸ್ತವೆ, ಇಲಾಖೆ ನೋಡೋದು ಅದನ್ನ. ಆದ್ರೆ ಎಐಎಸ್ ನೋಡೋವಾಗ ಒಂದು ಹುಷಾರು ಬೇಕು. ಒಂದೇ 74,300 ಅಲ್ಲಿ ಎರಡು ಕಡೆ ಕಾಣಬಹುದು, ಟಿಡಿಎಸ್ ಸಾಲಾಗಿ ಒಮ್ಮೆ, SFT-016 ಅಂತ ಬ್ಯಾಂಕಿನ ವರದಿಯಾಗಿ ಇನ್ನೊಮ್ಮೆ. ಎರಡನ್ನೂ ಕೂಡಿ 1,48,600 ಅಂತ ತೋರಿಸ್ಬೇಡಿ, ಬಡ್ಡಿ ಸರ್ಟಿಫಿಕೇಟ್‌ನಲ್ಲಿ ಎಷ್ಟಿದೆಯೋ ಅದು ಸರಿ.

ಅಮ್ಮನ ಎಫ್‌ಡಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಮಲೆನಾಡಲ್ಲಿ ಇದು ಮನೆ ಮನೆ ಕತೆ. ವಯಸ್ಸಾದೋರು ಬ್ಯಾಂಕಿಗೆ ಹತ್ತಿ ಇಳಿಯೋಕಾಗಲ್ಲ ಅಂತ ಮಗನ ಹೆಸರು ಮೊದಲು ಹಾಕಿರ್ತಾರೆ, ಬ್ಯಾಂಕಿನ ಕಂಪ್ಯೂಟರ್ ಮೊದಲ ಹೆಸರಿನ ಪ್ಯಾನ್‌ಗೆ ಬಡ್ಡಿ, ಟಿಡಿಎಸ್ ಎರಡನ್ನೂ ಹಾಕುತ್ತೆ. ಆದ್ರೆ ಮೊದಲ ಹೆಸರು ಯಾರದ್ದು ಅನ್ನೋದರಿಂದ ಆದಾಯ ಯಾರದ್ದು ಅಂತ ತೀರ್ಮಾನ ಆಗಲ್ಲ. ದುಡ್ಡು ಎಲ್ಲಿಂದ ಬಂತು ಅನ್ನೋದು ಮುಖ್ಯ. ಅಮ್ಮನ ಖಾತೆಯಿಂದಲೇ ಆ ದುಡ್ಡು ಎಫ್‌ಡಿಗೆ ಹೋಗಿದ್ದು ಸ್ಟೇಟ್‌ಮೆಂಟ್‌ನಲ್ಲಿ ಕಾಣ್ಬೇಕು, ಬಡ್ಡಿ ಅವರ ಖಾತೆಗೆ ಹೋಗ್ತಿರೋದು ಇನ್ನೂ ಒಂದು ಆಧಾರ. ಇವೆರಡೂ ಇದ್ರೆ 62,400 ಅಮ್ಮನ ಆದಾಯ. ಅದೇ ನಿಮ್ಮ ದುಡ್ಡನ್ನ ಅಮ್ಮನ ಹೆಸರು ಸೇರಿಸಿ ಇಟ್ಟಿದ್ದಾದ್ರೆ ಬಡ್ಡಿ ನಿಮ್ಮದೇ, ಅಮ್ಮನ ಖಾತೆಗೆ ಹೋದ ಮಾತ್ರಕ್ಕೆ ಅವರದ್ದಾಗಲ್ಲ. ಹೆಂಡತಿ ಹೆಸರಲ್ಲಿ ಇಟ್ಟಿದ್ದಕ್ಕೂ ಹಾಗೇ, ನೀವು ಕೊಟ್ಟ ದುಡ್ಡಿನ ಬಡ್ಡಿ ಕ್ಲಬ್ಬಿಂಗ್ ಅಂತ ನಿಮ್ಮ ಲೆಕ್ಕಕ್ಕೇ ಬರುತ್ತೆ.

ಅಮ್ಮನದ್ದೇ ಅಂತ ಖಾತ್ರಿ ಆದ್ರೆ ಸರಿಯಾದ ದಾರಿ ಬ್ಯಾಂಕಿಂದ ಶುರು ಆಗ್ಬೇಕಿತ್ತು. 37ಬಿಎ ಎರಡನೇ ಉಪನಿಯಮದಲ್ಲಿ, ಈ ಬಡ್ಡಿ ಇಂಥವರದ್ದು, ಅವರ ಹೆಸರು, ವಿಳಾಸ, ಪ್ಯಾನ್ ಇದು, ಕಾರಣ ಇದು ಅಂತ ನೀವು ಒಂದು ಡಿಕ್ಲರೇಶನ್ ಕೊಟ್ರೆ ಬ್ಯಾಂಕು ಟಿಡಿಎಸ್ಸನ್ನ ಅಮ್ಮನ ಪ್ಯಾನ್‌ಗೆ ಹಾಕ್ಬೇಕು. ಈಗಲೂ ಕೊಟ್ಟು ನೋಡಿ, ಬ್ಯಾಂಕು ತಿದ್ದುಪಡಿ ಲೆಕ್ಕ ಹಾಕಿದ್ರೆ 26ಎಎಸ್‌ನಲ್ಲಿ ಸಾಲು ನಿಮ್ಮದರಿಂದ ಅಮ್ಮನದಕ್ಕೆ ಹೋಗುತ್ತೆ. ನನ್ನ ಅನುಭವದಲ್ಲಿ ಬ್ರಾಂಚಿನಲ್ಲಿ "ಟಿಡಿಎಸ್ ಎಲ್ಲಾ ಹೆಡ್ ಆಫೀಸಲ್ಲಿ ಮಾಡೋದು, ನಮ್ಮ ಕೈಲಿಲ್ಲ" ಅಂತಾರೆ, ತಿದ್ದುಪಡಿ ಬರೋಕೆ ತಿಂಗಳು ಹಿಡಿದ್ರೂ ಹಿಡೀತು. ಅರ್ಜಿಗೆ ಸೀಲ್ ಹಾಕಿಸಿಕೊಂಡು ಒಂದು ಕಾಪಿ ಇಟ್ಕೊಳ್ಳಿ, ಅದಕ್ಕೆ ಕಾಯ್ತಾ ಕೂರೋದು ಬೇಡ.

ಅದು ಆಗೋವರೆಗೆ ರಿಟರ್ನ್‌ನಲ್ಲೇ ಒಂದು ದಾರಿ ಇದೆ. ಐಟಿಆರ್-2ರ ಟಿಡಿಎಸ್ ಶೆಡ್ಯೂಲ್‌ನಲ್ಲಿ ಈ ಕ್ರೆಡಿಟ್ ನಿಮ್ಮದೋ ಬೇರೆಯವರದ್ದೋ ಅಂತ ಕೇಳುತ್ತೆ, ಬೇರೆಯವರ ಪ್ಯಾನ್ ಬರೆಯೋಕೂ ಜಾಗ ಇದೆ. ನಿಮ್ಮ ರಿಟರ್ನ್‌ನಲ್ಲಿ ಆ 6,240ನ್ನ ಅಮ್ಮನ ಪ್ಯಾನ್ ಹಾಕಿ ಅವರ ಕೈಲಿ ಕ್ಲೇಮ್ ಆಗುತ್ತೆ ಅಂತ ತೋರಿಸಿ, ನಿಮ್ಮ ಲೆಕ್ಕಕ್ಕೆ ಸೊನ್ನೆ ತಗೊಳ್ಳಿ. ಅಮ್ಮನ ರಿಟರ್ನ್‌ನಲ್ಲಿ 62,400 ಬಡ್ಡಿ ತೋರಿಸಿ, ಟಿಡಿಎಸ್ ಬೇರೆಯವರ ಪ್ಯಾನ್‌ನಲ್ಲಿ ಹಿಡಿದದ್ದು ಅಂತ ನಿಮ್ಮ ಪ್ಯಾನ್ ಹಾಕಿ 6,240 ಕ್ಲೇಮ್ ಮಾಡ್ಬೇಕು. ಮೊದಲು ನಿಮ್ಮ ರಿಟರ್ನ್ ಹಾಕಿ, ಆಮೇಲೆ ಅಮ್ಮನದ್ದು, ಯಾಕಂದ್ರೆ ನೀವು ಬಿಟ್ಟುಕೊಟ್ಟಿದ್ದು ಇಲಾಖೆ ಲೆಕ್ಕದಲ್ಲಿ ಮೊದಲು ಕಾಣ್ಬೇಕು. ಎಐಎಸ್‌ನಲ್ಲಿ ಆ ಸಾಲಿನ ಮುಂದೆ Information relates to other PAN/Year ಅಂತ ಆರಿಸಿ ಅಮ್ಮನ ಪ್ಯಾನ್ ಕೊಡಿ. ಅಮ್ಮನಿಗೆ ಬೇರೆ ಆದಾಯ ಇಲ್ಲಾಂದ್ರೆ ಅವರು ರಿಟರ್ನ್ ಹಾಕ್ಲೇಬೇಕು ಅಂತೇನಿಲ್ಲ, ಆದ್ರೆ ಹಾಕದೆ ರೀಫಂಡ್ ಬರಲ್ಲ. ಅವರದ್ದೂ ಐಟಿಆರ್-2ರಲ್ಲೇ, ಬೇರೆಯವರ ಪ್ಯಾನ್‌ನಲ್ಲಿ ಟಿಡಿಎಸ್ ಆಗಿದ್ರೆ ಐಟಿಆರ್-1 ನಡೆಯಲ್ಲ. ಪೋರ್ಟಲ್‌ನಲ್ಲಿ ಅವರ ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿರ್ಬೇಕು ಅನ್ನೋದು ಮರೀಬೇಡಿ.

ಇದರಲ್ಲೂ ರಿಸ್ಕ್ ಇಲ್ಲ ಅಂತಲ್ಲ. ಬ್ಯಾಂಕಿಗೆ ಡಿಕ್ಲರೇಶನ್ ಕೊಡದೆ ಬರೀ ರಿಟರ್ನ್‌ನಲ್ಲಿ ಮಾಡಿದ್ರೆ ಅಮ್ಮನ ಕ್ರೆಡಿಟ್ ಸಿಪಿಸಿಯಲ್ಲಿ ನಿಲ್ಲೋ ಸಾಧ್ಯತೆ ಇದೆ. ಹಾಗಾದ್ರೆ ಇಂಟಿಮೇಶನ್ ಬಂದ್ಮೇಲೆ ಸೆಕ್ಷನ್ 154ರಲ್ಲಿ ರೆಕ್ಟಿಫಿಕೇಶನ್ ಕೇಳ್ಬೇಕು, ಸೀಲ್ ಹಾಕಿದ ಆ ಅರ್ಜಿ ಕಾಪಿ ಆಗ ಉಪಯೋಗಕ್ಕೆ ಬರುತ್ತೆ. ಇಷ್ಟೆಲ್ಲಾ ರಗಳೆ ಯಾಕೆ, 62,400ನ್ನ ನನ್ನ ಆದಾಯ ಅಂತಲೇ ತೋರಿಸಿಬಿಡ್ತೀನಿ, ಹೇಗೂ 7 ಲಕ್ಷದ ಒಳಗೇ ಇದೆಯಲ್ಲ ಅಂತ ನಿಮಗೆ ಅನ್ನಿಸ್ಬಹುದು. ಲೆಕ್ಕಕ್ಕೆ ನೋಡಿದ್ರೆ 6,35,900 ಆಗುತ್ತೆ, ತೆರಿಗೆ ಆಗಲೂ ಸೊನ್ನೆ, 6,240 ಸಲೀಸಾಗಿ ನಿಮ್ಮ ಖಾತೆಗೆ ಬರುತ್ತೆ, ಎಷ್ಟೋ ಜನ ಹಾಗೇ ಮಾಡ್ತಾರೆ. ನಾನು ಒಪ್ಪಲ್ಲ, ಯಾಕಂದ್ರೆ ಒಮ್ಮೆ ನೀವೇ ಅದು ನಿಮ್ಮ ಆದಾಯ ಅಂತ ಬರೆದು ಕೊಟ್ಮೇಲೆ ಆ ಎಫ್‌ಡಿ ಅಸಲೂ ನಿಮ್ಮದೇ ಅನ್ನೋಕೆ ನಿಮ್ಮ ರಿಟರ್ನೇ ದಾಖಲೆ ಆಗುತ್ತೆ. ಅಕ್ಕ ತಂಗಿ, ತಮ್ಮಂದಿರು ಇರೋ ಮನೇಲಿ ನಾಳೆ ಪಾಲಿನ ಮಾತು ಬಂದಾಗ ಅದು ಯಾವ ಕಡೆ ತಿರುಗುತ್ತೋ ಹೇಳೋಕಾಗಲ್ಲ.

ಸಂಘದ 28,000ಕ್ಕೆ ಬರೋಣ. ಸಂಘದ ಬಡ್ಡಿಗೆ ತೆರಿಗೆ ಇಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಅಂದ್ರೆ ಸಂಘದ ಡೈರೆಕ್ಟರುಗಳೇ ಹಾಗೆ ಹೇಳ್ತಾರೆ. ಅದು ಹುಟ್ಟಿದ್ದು ಹೇಗೆ ಅಂದ್ರೆ, ಸಹಕಾರ ಸಂಘ ತನ್ನ ಸದಸ್ಯರಿಗೆ ಕೊಡೋ ಬಡ್ಡಿಗೆ ಸಾಮಾನ್ಯವಾಗಿ ಟಿಡಿಎಸ್ ಹಿಡೀಬೇಕಾಗಿಲ್ಲ ಅಂತ 194ಎಯಲ್ಲಿ ವಿನಾಯ್ತಿ ಇದೆ, ವಹಿವಾಟು 50 ಕೋಟಿ ದಾಟಿದ ದೊಡ್ಡ ಸಂಘಗಳಿಗೆ ಮಾತ್ರ ಅದು ಅನ್ವಯ ಆಗಲ್ಲ. ಸಹಕಾರಿ ಬ್ಯಾಂಕುಗಳು ಈ ವಿನಾಯ್ತಿಯಲ್ಲಿ ಬರಲ್ಲ, ಡಿಸಿಸಿ ಬ್ಯಾಂಕಲ್ಲಿ ಮಿತಿ ದಾಟಿದ್ರೆ ಹಿಡೀತಾರೆ. ವಿನಾಯ್ತಿ ಇರೋದು ಹಿಡಿಯೋ ಜವಾಬ್ದಾರಿಗೆ, ನಿಮ್ಮ ತೆರಿಗೆಗಲ್ಲ. ಇನ್ನು ಸಂಘಗಳಿಗೆ 80ಪಿ ಅಂತ ಒಂದು ಡಿಡಕ್ಷನ್ ಇದೆ, ಅದು ಸಂಘದ ಲಾಭಕ್ಕೆ, ಠೇವಣಿ ಇಟ್ಟ ಸದಸ್ಯರಿಗಲ್ಲ. ಹಾಗಾಗಿ 28,000 ಬ್ಯಾಂಕ್ ಬಡ್ಡಿ ಜೊತೆಗೇ ಇತರ ಮೂಲದ ಆದಾಯದಲ್ಲಿ ಹೋಗ್ಬೇಕು, ಮೇಲಿನ ಲೆಕ್ಕದಲ್ಲಿ ನಾನು ಸೇರಿಸಿಯೇ ಹಾಕಿದ್ದೀನಿ. ಸಂಘದ ಸೆಕ್ರೆಟರಿ ಹತ್ರ ವರ್ಷದ ಬಡ್ಡಿಗೆ ಒಂದು ಪತ್ರ ಬರೆಸ್ಕೊಳ್ಳಿ, ಅಷ್ಟು ಸಾಕು. ರಿಟರ್ನ್‌ನಲ್ಲಿ ನಿಮ್ಮ ಬಡ್ಡಿ 26ಎಎಸ್‌ಗಿಂತ ಜಾಸ್ತಿ ಕಂಡ್ರೆ ಯಾರೂ ಕೇಳಲ್ಲ, ಕಡಿಮೆ ಕಂಡ್ರೆ ಮಾತ್ರ ಕೇಳ್ತಾರೆ.

ಫಾರ್ಮ್ ಯಾವುದು ಅನ್ನೋದು ನೀವು ಕೇಳಿಲ್ಲ, ಆದ್ರೆ ಪೆನ್ಶನ್‌ದಾರರಿಗೆ ಐಟಿಆರ್-1 ಅಂತ ಎಲ್ಲರೂ ಹೇಳ್ತಾರಲ್ಲ, ಅದಕ್ಕೆ ಹೇಳ್ತೀನಿ. ಕೃಷಿ ಆದಾಯ 5,000 ದಾಟಿದ್ರೆ ಐಟಿಆರ್-1 ಹಾಕೋ ಹಾಗಿಲ್ಲ, ನಿಮ್ಮದು 1.80 ಲಕ್ಷ, ಹಾಗಾಗಿ ಐಟಿಆರ್-2. ಅಡಕೆ ಬಿಟ್ಟು ಐಟಿಆರ್-1 ಹಾಕ್ಬಿಡಿ ಯಾರಿಗೆ ಗೊತ್ತಾಗುತ್ತೆ ಅನ್ನೋ ಸಲಹೆ ಬರುತ್ತೆ, ಕಿವಿಗೆ ಹಾಕ್ಕೋಬೇಡಿ. ನಿಮ್ಮ ಖಾತೆಗೆ ಮಂಡಿಯಿಂದ ಬಂದ ದುಡ್ಡಿಗೆ ಕೃಷಿ ಆದಾಯ ಅನ್ನೋ ವಿವರಣೆ ರಿಟರ್ನ್‌ನಲ್ಲೇ ಇದ್ರೆ ಮುಂದೆ ಯಾರಾದ್ರೂ ಕೇಳಿದಾಗ ಉತ್ತರ ಸುಲಭ. ತೋಟದ ಒಟ್ಟು ಹುಟ್ಟುವಳಿ, ಖರ್ಚು ಬೇರೆ ಬೇರೆ ಬರೀಬೇಕು, ಸರ್ವೆ ನಂಬರ್ ಪಹಣಿ ಗಿಹಣಿ ಏನೂ ಬೇಡ, ಜಮೀನಿನ ವಿವರ ಕೇಳೋದು ನಿವ್ವಳ 5 ಲಕ್ಷ ದಾಟಿದೋರಿಗೆ.

2024-25ರ ಆದಾಯದ ರಿಟರ್ನ್‌ಗೆ ಕೊನೇ ದಿನವನ್ನ 2025ರ ಸೆಪ್ಟೆಂಬರ್ 15ಕ್ಕೆ, ಆಮೇಲೆ 16ಕ್ಕೆ ಮುಂದೆ ಹಾಕಿದ್ರು. ಬ್ಯಾಂಕಿನ ಡಿಕ್ಲರೇಶನ್ ಈ ವಾರವೇ ಕೊಡಿ, ಎರಡೂ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್, ಸಂಘದ ಪತ್ರ ಕೈಗೆ ಬಂದ ದಿನ 26ಎಎಸ್ ಇನ್ನೊಮ್ಮೆ ಡೌನ್‌ಲೋಡ್ ಮಾಡಿ, ಹಳೇ ಏಪ್ರಿಲ್ ಪ್ರಿಂಟ್ ಇಟ್ಕೊಂಡು ರಿಟರ್ನ್ ತುಂಬ್ಬೇಡಿ. ಅಮ್ಮನ ಎಫ್‌ಡಿ ರಿನ್ಯೂ ಮಾಡೋವಾಗ ಅವರ ಹೆಸರನ್ನೇ ಮೊದಲು ಹಾಕಿಸಿ, ನಿಮ್ಮ ಹೆಸರು ಎರಡನೇದಾಗಿ ಇರ್ಲಿ, ಬ್ಯಾಂಕಿನ ಕೆಲಸಕ್ಕೆ ನೀವೇ ಹೋಗಿ ಬರೋದಕ್ಕೆ ಅದರಿಂದ ಅಡ್ಡಿ ಆಗಲ್ಲ.